ಹನ್ನೆರಡು ಲೀಟರ್ ಟ್ಯಾಂಕಿನಲ್ಲಿ ಎಥೆನಾಲ್ ಎಷ್ಟು?

ಎಲ್ಲರಿಗೂ ನಮಸ್ಕಾರ.

ಬಂಕಿನಲ್ಲಿ ಇ20 ಅಂತ ಬರೆದಿರುವುದನ್ನು ನೀವೆಲ್ಲ ನೋಡಿದ್ದೀರಿ. ಈ ಪೆಟ್ರೋಲ್‌ಗೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಪ್ರಧಾನಿ ಚಾಲನೆ ಕೊಟ್ಟರು. ಈಗ ದೇಶದ ಬಹುತೇಕ ಬಂಕುಗಳಲ್ಲಿ ಸಿಗುವುದು ಇದೇ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಚಹಾ ಅಂಗಡಿಯಲ್ಲಿ ದಿನಾ ನಡೆಯುತ್ತದೆ, ಅದನ್ನು ಅಲ್ಲಿಗೇ ಬಿಡೋಣ. ಜಗಳ ಆಡುವವರಲ್ಲಿ ಹೆಚ್ಚಿನವರು ತಮ್ಮ ಟ್ಯಾಂಕಿನಲ್ಲಿ ಎಥೆನಾಲ್ ಎಷ್ಟಿದೆ ಎಂಬ ಲೆಕ್ಕ ಮಾತ್ರ ಹಾಕಿರುವುದಿಲ್ಲ. ಇವತ್ತು ಅಷ್ಟೇ ಮಾಡೋಣ.

12 ಲೀಟರ್ ಟ್ಯಾಂಕಿನ ಒಂದು ಬೈಕ್ ತೆಗೆದುಕೊಳ್ಳಿ. ಇ20 ಅಂದರೆ ಒಟ್ಟು ಅಳತೆಯಲ್ಲಿ ಶೇಕಡಾ 20 ಎಥೆನಾಲ್. ತೂಕದಲ್ಲಿ ಅಲ್ಲ, ಲೀಟರಿನಲ್ಲಿ. 12 ಲೀಟರಿಗೆ 2.4 ಲೀಟರ್ ಎಥೆನಾಲ್, ಉಳಿದ 9.6 ಲೀಟರ್ ಪೆಟ್ರೋಲ್. ಡಿಪೋದಿಂದ ಹೊರಡುವ 12,000 ಲೀಟರಿನ ಟ್ಯಾಂಕರ್‌ಗೂ ಇದೇ ಲೆಕ್ಕ, ಸೊನ್ನೆ ಮಾತ್ರ ಜಾಸ್ತಿ: 2,400 ಲೀಟರ್ ಎಥೆನಾಲ್, 9,600 ಲೀಟರ್ ಪೆಟ್ರೋಲ್.

ಇದರಲ್ಲೇನು ಕಷ್ಟ ಅಂತೀರಾ? ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳುತ್ತೇನೆ. ನಿಮ್ಮ ಹತ್ತಿರ 9.6 ಲೀಟರ್ ಬರೀ ಪೆಟ್ರೋಲ್ ಇದೆ. ಅದನ್ನು ಇ20 ಮಾಡಬೇಕು. ಎಷ್ಟು ಎಥೆನಾಲ್ ಸುರಿಯಬೇಕು? ತುಂಬಾ ಜನ ತಕ್ಷಣ 9.6ರಲ್ಲಿ ಶೇಕಡಾ 20 ತೆಗೆದು 1.92 ಲೀಟರ್ ಅನ್ನುತ್ತಾರೆ. ಸುರಿದು ನೋಡಿ. ಒಟ್ಟು 11.52 ಲೀಟರ್ ಆಯಿತು. ಅದರಲ್ಲಿ 1.92 ಅಂದರೆ ಶೇಕಡಾ 17 ಕೂಡ ಇಲ್ಲ. ಏಕೆಂದರೆ ಶೇಕಡಾವಾರು ಹಿಡಿಯಬೇಕಾದ್ದು ಬೆರೆಸಿದ ಮೇಲಿನ ಒಟ್ಟಿಗೆ, ಮೊದಲಿದ್ದ ಪೆಟ್ರೋಲ್‌ಗಲ್ಲ. 20 ಪಾಲು ಎಥೆನಾಲ್ ಇದ್ದರೆ ಪೆಟ್ರೋಲ್ 80 ಪಾಲು. ಅಂದರೆ ಎಥೆನಾಲ್ ಪೆಟ್ರೋಲಿನ ಕಾಲು ಭಾಗ ಇರಬೇಕು. 9.6ರ ಕಾಲು ಭಾಗ 2.4. ಈಗ ಸರಿಹೋಯಿತು ಅಲ್ವಾ? ಇ10ಕ್ಕೆ ಹೀಗೆಯೇ ಪೆಟ್ರೋಲಿನ ಒಂಬತ್ತನೇ ಒಂದು ಭಾಗ ಬೇಕು, ಹತ್ತನೇ ಒಂದಲ್ಲ.

ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದಲ್ಲ, ಆಗ ಈ ಶೇಕಡಾವಾರು ಬದಲಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಪೆಟ್ರೋಲ್, ಎಥೆನಾಲ್ ಎರಡೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಒಟ್ಟು ಲೀಟರ್ ಸ್ವಲ್ಪ ಏರುತ್ತದೆ, ಪಾಲು ಹಾಗೇ ಇರುತ್ತದೆ. ಅದರ ಚಿಂತೆ ಬೇಡ.

ಈಗ ನಿಜವಾಗಿ ಕೆಲಸಕ್ಕೆ ಬರುವ ಲೆಕ್ಕ. ನಿಮ್ಮದು ಹಳೆಯ ಬೈಕ್, ಇ10ರ ತನಕ ಮಾತ್ರ ಸರಿ ಅಂತ ಅದರ ಪುಸ್ತಕದಲ್ಲಿದೆ ಅಂತಿಟ್ಟುಕೊಳ್ಳಿ. ಎಥೆನಾಲ್ ಇಲ್ಲದ ದುಬಾರಿ ಪೆಟ್ರೋಲ್ ನಿಮ್ಮೂರಲ್ಲಿ ಸಿಗುತ್ತದೆ. ಟ್ಯಾಂಕ್ ಪೂರ್ತಿ ಅದನ್ನೇ ಹಾಕಿಸಲು ಜೇಬು ಒಪ್ಪುವುದಿಲ್ಲ. ಟ್ಯಾಂಕಿನ ತಳದಲ್ಲಿ 3 ಲೀಟರ್ ಇ20 ಉಳಿದಿದೆ. ತುಂಬಿದ ಮೇಲೆ 12 ಲೀಟರ್ ಇ10 ಆಗಬೇಕು.

ಇಂಥ ಕಡೆ ನಾನು ಎಥೆನಾಲ್ ಒಂದನ್ನೇ ಹಿಂಬಾಲಿಸುತ್ತೇನೆ. 12 ಲೀಟರ್ ಇ10ನಲ್ಲಿ ಇರಬೇಕಾದ ಎಥೆನಾಲ್ 1.2 ಲೀಟರ್. ಉಳಿದಿರುವ 3 ಲೀಟರಿನಲ್ಲಿ ಆಗಲೇ 0.6 ಲೀಟರ್ ಇದೆ. ಇನ್ನೂ 0.6 ಲೀಟರ್ ಬೇಕು. ಅದು 3 ಲೀಟರ್ ಇ20ಯಿಂದ ಬರುತ್ತದೆ. ಹಾಗಾಗಿ ಇನ್ನು 3 ಲೀಟರ್ ಇ20, ಆಮೇಲೆ 6 ಲೀಟರ್ ಎಥೆನಾಲ್ ಇಲ್ಲದ ಪೆಟ್ರೋಲ್. ಒಟ್ಟು 12. ಸೂತ್ರ ಬಾಯಿಪಾಠ ಮಾಡುವುದಕ್ಕಿಂತ ಇದು ಸುಲಭ. ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂಬುದು ಮಾತ್ರ ಅಂದಾಜು. ಮುಳ್ಳು ನಂಬಿ ಅರ್ಧ ಲೀಟರ್ ಆಚೀಚೆ ಆದರೂ ಫಲಿತಾಂಶ ಹೆಚ್ಚೇನೂ ತಪ್ಪುವುದಿಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಇದು ಎರಡು ಬಗೆಯ ಬಂಕಿನ ಪೆಟ್ರೋಲ್ ಬೆರೆಸುವ ಲೆಕ್ಕ. ಎಲ್ಲಿಂದಲೋ ಸ್ಪಿರಿಟ್ ತಂದು ಸುರಿಯುವ ಲೆಕ್ಕ ಅಲ್ಲ. ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್‌ನಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ ಇರಬೇಕು, ಶುದ್ಧತೆ ಕನಿಷ್ಠ ಶೇಕಡಾ 99.6. ಸಾಮಾನ್ಯ ರೆಕ್ಟಿಫೈಡ್ ಸ್ಪಿರಿಟ್‌ನಲ್ಲಿ ಸುಮಾರು ಶೇಕಡಾ 5 ನೀರು. ನಮ್ಮ ಬೈಕಿಗೆ 2.4 ಲೀಟರ್ ಅಂಥದ್ದನ್ನು ಸುರಿದರೆ ಜೊತೆಗೆ 120 ಮಿಲಿ ನೀರನ್ನೂ ಸುರಿದಂತೆ. ಎಥೆನಾಲ್‌ಗೆ ಪೆಟ್ರೋಲಿಗಿಂತ ನೀರಿನ ಮೇಲೇ ಪ್ರೀತಿ ಜಾಸ್ತಿ. ನೀರು ಮಿತಿ ಮೀರಿದಾಗ, ಅದರಲ್ಲೂ ಚಳಿಗೆ, ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಎಂಜಿನ್‌ಗೆ ಇಂಧನ ಹೋಗುವುದೂ ತಳದಿಂದಲೇ. ಗಾಡಿ ಕೆಮ್ಮಿ ನಿಲ್ಲುತ್ತದೆ, ಕಿಕ್ ಹೊಡೆದರೂ ಏಳುವುದಿಲ್ಲ. ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳದಿಂದ ನೀರು ಇಳಿದರೂ ಆಗುವುದು ಇದೇ.

ಎಥೆನಾಲ್‌ನ ಇದೇ ಗುಣ ಹಿಡಿದು ನಾವು ಪರೀಕ್ಷೆ ಮಾಡಬಹುದು. 100 ಮಿಲಿಯ ಗಾಜಿನ ಅಳತೆ ಸಿಲಿಂಡರ್ ಬೇಕು. ಕಾಲೇಜಿನ ಲ್ಯಾಬಿನಲ್ಲಿ ಇರುವಂಥದ್ದು. ಬಯಲಲ್ಲಿ, ಬೆಂಕಿ ಕಿಡಿ ಹತ್ತಿರ ಇಲ್ಲದ ಕಡೆ ಮಾಡಿ. 10 ಮಿಲಿ ನೀರು ಹಾಕಿ, ಒಂದು ಹನಿ ಇಂಕ್ ಬೆರೆಸಿದರೆ ಗೆರೆ ಚೆನ್ನಾಗಿ ಕಾಣುತ್ತದೆ. ಮೇಲೆ 90 ಮಿಲಿ ಪೆಟ್ರೋಲ್ ಸುರಿಯಿರಿ. ಬಾಯಿ ಮುಚ್ಚಿ ಮೆಲ್ಲಗೆ ತಿರುವಿ, ಆಗಾಗ ಮುಚ್ಚಳ ಸಡಿಲಿಸಿ ಆವಿ ಬಿಡಿ. ಹತ್ತು ನಿಮಿಷ ಸುಮ್ನೆ ಇಡಿ.

ಎಥೆನಾಲ್ ಇಲ್ಲದಿದ್ದರೆ ತಳದ ನೀಲಿ ಪದರ 10ರ ಗೆರೆಯಲ್ಲೇ ಇರುತ್ತದೆ. ಇ20 ಆದರೆ 90 ಮಿಲಿಯಲ್ಲಿದ್ದ 18 ಮಿಲಿ ಎಥೆನಾಲ್ ನೀರಿಗೆ ಇಳಿದು ಪದರ 28ರ ಹತ್ತಿರಕ್ಕೆ ಏರುತ್ತದೆ. ಸರಿಯಾಗಿ 28 ಬರುವುದಿಲ್ಲ. ಸ್ವಲ್ಪ ಎಥೆನಾಲ್ ಮೇಲೆಯೇ ಉಳಿಯುತ್ತದೆ, ನೀರು ಮತ್ತು ಎಥೆನಾಲ್ ಬೆರೆತಾಗ ಒಟ್ಟು ಅಳತೆ ತುಸು ಕುಗ್ಗುತ್ತದೆ ಕೂಡ. 26 ಬಂತು ಅಂತ ಬಂಕಿನವನ ಕಾಲರ್ ಹಿಡಿಯಬೇಡಿ. 35 ಬಂದರೆ ಮಾತ್ರ ಬಿಲ್ ಇಟ್ಟುಕೊಂಡು ಕೇಳಿ. ಆ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಹಾಕಬೇಡಿ, ಅದರಲ್ಲಿ ಈಗ ನೀರಿದೆ.

ಕೊನೆಗೆ ಮೈಲೇಜ್ ವಿಷಯ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ, ಎಥೆನಾಲ್‌ನಲ್ಲಿ ಸುಮಾರು 21. ನಮ್ಮ 12 ಲೀಟರ್ ಇ20ರಲ್ಲಿರುವ ಶಕ್ತಿ ಬರೀ ಪೆಟ್ರೋಲಿನ 11.2 ಲೀಟರಿಗೆ ಸಮ. ಅಂದರೆ ಟ್ಯಾಂಕಿಗೆ ಮುಕ್ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ ಕಡಿಮೆ. ಆದರೆ ಹಿಂದೆ ನೀವು ಓಡಿಸುತ್ತಿದ್ದುದು ಬರೀ ಪೆಟ್ರೋಲ್ ಅಲ್ಲ, ಇ10. ಅದಕ್ಕೆ ಹೋಲಿಸಿದರೆ ಶಕ್ತಿಯಲ್ಲಿ ಕಡಿಮೆ ಆಗುವುದು ಶೇಕಡಾ 4ರ ಒಳಗೆ. 50 ಕಿಲೋಮೀಟರ್ ಕೊಡುತ್ತಿದ್ದ ಬೈಕ್ ಬರೀ ಈ ಕಾರಣಕ್ಕೆ 48ಕ್ಕೆ ಇಳಿಯಬಹುದು, ಎಂಜಿನ್ ಇ20ಗೆಂದೇ ಹೊಂದಿಸಿದ್ದರೆ ಅಷ್ಟೂ ಇಳಿಯದಿರಬಹುದು. 40ಕ್ಕೆ ಇಳಿದಿದ್ದರೆ ಎಥೆನಾಲ್ ಮೇಲೆ ಹಾಕಬೇಡಿ. ಮೊದಲು ಟೈರಿನ ಗಾಳಿ, ಏರ್ ಫಿಲ್ಟರ್, ಚೈನ್ ನೋಡಿಸಿ.