ಮೂವತ್ತೆರಡು ಸ್ಲೈಡ್, ಐದು ನಿಮಿಷ

ಈ ವಿಡಿಯೋದಲ್ಲಿ ಊಟದ ಮೇಜಿನ ಮೇಲೆ ಈಗ ಕಾಣುತ್ತಿರುವುದು ನನ್ನ ಲ್ಯಾಪ್‌ಟಾಪ್. ಪರದೆ ತುಂಬಾ ಚಿಕ್ಕಚಿಕ್ಕ ಚೌಕಗಳು. ಎಣಿಸಿದರೆ ಮೂವತ್ತೆರಡು. ಹಂಚಿನ ಮಾಡು ಯಾಕೆ ಸೋರುತ್ತದೆ ಅಂತ ಎರಡು ತಿಂಗಳ ಹಿಂದೆ ಮಂಗಳೂರಿನಲ್ಲಿ ಮೂವತ್ತು ನಿಮಿಷ ಮಾತನಾಡಿದ್ದೆ. ಅದರ ಸ್ಲೈಡ್‌ಗಳು ಇವು. ಮೊನ್ನೆ ಉಡುಪಿಯಿಂದ ಫೋನ್ ಬಂತು. "ನಮ್ಮಲ್ಲೂ ಅದನ್ನೇ ಮಾತಾಡಿ, ಆದ್ರೆ ಐದೇ ನಿಮಿಷ." ಆಯ್ತು ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ತಲೆ ಬಿಸಿಯಾಯಿತು.

ಮತ್ತೆ ಫೋನ್ ಮಾಡಿ ಒಂದು ವಿಷಯ ಕೇಳಿಕೊಂಡೆ. ಸ್ಲೈಡ್ ನಾನೇ ಒತ್ತಿ ಮುಂದೆ ಹಾಕುವುದಾ, ತಾನಾಗಿ ಹೋಗುತ್ತದಾ? ಇಗ್ನೈಟ್ ಅಂತ ಒಂದು ಪದ್ಧತಿ ಇದೆ. ಅದರಲ್ಲಿ 20 ಸ್ಲೈಡ್, ಒಂದೊಂದಕ್ಕೆ 15 ಸೆಕೆಂಡ್, ನೀವು ಮಾತು ಮುಗಿಸಿದರೂ ಇಲ್ಲದಿದ್ದರೂ ಅದು ಮುಂದೆ ಹೋಗುತ್ತದೆ. ಅದಾಗಿದ್ದರೆ ನನ್ನ ಲೆಕ್ಕವೇ ಬೇರೆ ಇರುತ್ತಿತ್ತು. ಇಲ್ಲಿ ಹಾಗಿಲ್ಲ, ನಾನೇ ಒತ್ತುವುದು. ಐದು ನಿಮಿಷಕ್ಕೆ ಗಂಟೆ ಹೊಡೆಯುತ್ತಾರೆ, ಅಷ್ಟೇ.

ಮೊದಲ ದಿನ ನಾನು ಮಾಡಿದ ಕೆಲಸ ತೋರಿಸಲಿಕ್ಕೂ ನಾಚಿಕೆ. ಬೇಗ ಬೇಗ ಮಾತಾಡಿದೆ. ಮೂವತ್ತೆರಡೂ ಸ್ಲೈಡ್ ಇಟ್ಟುಕೊಂಡು, ಬಸ್ ಕಂಡಕ್ಟರ್ ಸ್ಟಾಪ್ ಕೂಗುವ ಹಾಗೆ. ಫೋನಿನಲ್ಲಿ ರೆಕಾರ್ಡ್ ಮಾಡಿ ನೋಡಿದರೆ ಹನ್ನೊಂದು ನಿಮಿಷ. ಎರಡನೇ ದಿನ ಇನ್ನೊಂದು ಬುದ್ಧಿ ಓಡಿಸಿದೆ. ನಾಲ್ಕು ಸ್ಲೈಡಿನ ವಿಷಯ ಒಂದರಲ್ಲಿ ತುಂಬಿಸಿದೆ. ಈಗ ಸ್ಲೈಡ್ ಎಂಟೇ. ಆದರೆ ಮಾತು ಕಡಿಮೆ ಆಗಲಿಲ್ಲ, ಅಕ್ಷರ ಮಾತ್ರ ಚಿಕ್ಕದಾಯಿತು. ಸ್ಲೈಡ್ ಲೆಕ್ಕ ಹೀಗೆ ಸುಳ್ಳು ಹೇಳುತ್ತದೆ. ನನ್ನ ಚಿತ್ರದ ಸ್ಲೈಡ್ ಒಂದರಲ್ಲಿ ಏಳು ಸಲ ಒತ್ತಬೇಕಿತ್ತು. ಒಂದೊಂದು ಸಲ ಒತ್ತಿದಾಗ ಒಂದೊಂದು ಬಾಣ ಬರುವುದು. ಎಣಿಕೆಯಲ್ಲಿ ಅದು ಒಂದು ಸ್ಲೈಡ್. ಹೊತ್ತಿನ ಲೆಕ್ಕದಲ್ಲಿ ಏಳು.

ಆವತ್ತು ರಾತ್ರಿ ಅಮ್ಮ ಟಿವಿಯಲ್ಲಿ ಕಾಲಮಿತಿ ಯಕ್ಷಗಾನ ನೋಡುತ್ತಿದ್ದರು. ಬೆಳಗಿನವರೆಗೆ ನಡೆಯುತ್ತಿದ್ದ ಪ್ರಸಂಗ ಈಗ ಮೂರ್ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ, ಅಲ್ವಾ? ಭಾಗವತರು ಪದ್ಯವನ್ನು ಓಡಿಸಿ ಹಾಡಿ ಮುಗಿಸುವುದಿಲ್ಲ. ಕೋಡಂಗಿ, ಬಾಲಗೋಪಾಲ ಎಲ್ಲ ಬರುವ ಪೂರ್ವರಂಗವನ್ನೇ ಮೊಟಕು ಮಾಡುತ್ತಾರೆ. ಕಥೆಗೆ ಬೇಕಾದ ವೇಷ ಉಳಿಯುತ್ತದೆ. ಅದು ನೋಡುವಾಗ ನನಗೆ ನನ್ನದೇ ಪೂರ್ವರಂಗ ನೆನಪಾಯಿತು. ಸೋರುವ ವಿಷಯ ಶುರುವಾಗುವುದು ಹದಿನಾಲ್ಕನೇ ಸ್ಲೈಡಿನಲ್ಲಿ!

ಮೊದಲ ಹದಿಮೂರರಲ್ಲಿ ಏನಿತ್ತು ಹೇಳುತ್ತೇನೆ. ಒಂದು ನನ್ನ ಪರಿಚಯ. ಒಂದು, ಇವತ್ತು ಏನೇನು ಹೇಳುತ್ತೇನೆ ಅಂತ ಪಟ್ಟಿ. ಐದು ಹಂಚಿನ ಇತಿಹಾಸ. ಆರು, ಹಂಚು ಒಂದಕ್ಕೊಂದು ಹೇಗೆ ಕೂರುತ್ತದೆ, ಇಳಿಜಾರಾಗಿ ಬರುವ ಪಕ್ಕಾಸು ಯಾವುದು, ಅದಕ್ಕೆ ಅಡ್ಡ ಹೊಡೆಯುವ ರೀಪು ಯಾವುದು ಅಂತ. ಆಮೇಲೆ ಒಂಬತ್ತು ಸ್ಲೈಡಿನಲ್ಲಿ ಮೂರು ಮನೆಗಳ ಸೋರಿಕೆ. ನಾಲ್ಕು ಖರ್ಚಿನದ್ದು. ನಾಲ್ಕು ಕಾಂಕ್ರೀಟ್ ತಾರಸಿ, ಶೀಟು, ಹಂಚು ಹೋಲಿಕೆ. ಕೊನೆಯ ಎರಡು ಧನ್ಯವಾದ, ಪ್ರಶ್ನೆಗಳು.

ಎಲ್ಲರ ಹಾಗೆ ನಾನೂ ಮೊದಲಿನಿಂದ ನೋಡುತ್ತಾ ಬಂದೆ. ಇದು ಬೇಕಾ, ಬೇಡವಾ? ಹಾಗೆ ಕೇಳಿದರೆ ಎಲ್ಲವೂ ಬೇಕು ಅನಿಸುತ್ತದೆ. ಮಾಡಿದವನು ನಾನೇ ಅಲ್ವಾ. ಹಾಗಾಗಿ ಲ್ಯಾಪ್‌ಟಾಪ್ ಮುಚ್ಚಿ ಕ್ಯಾಲೆಂಡರಿನ ಹಾಳೆಯ ಹಿಂದೆ ಒಂದು ವಾಕ್ಯ ಬರೆದೆ. ಕೇಳಿ ಹೋದವರು ಮನೆಗೆ ಹೋಗಿ ಏನು ಮಾಡಬೇಕು? "ಹಂಚು ಬದಲಿಸುವ ಮೊದಲು, ಎರಡು ಮಾಡು ಕೂಡುವ ಮೂಲೆಯ ತಗಡಿನ ದಂಬೆಯನ್ನು ಪತ್ತನಾಜೆಯೊಳಗೆ ಹತ್ತಿಸಿ ನೋಡಿಸಿ." ಪತ್ತನಾಜೆ ಅಂದರೆ ಮೇ ಕೊನೆಯ ವಾರ, ಮಳೆಗೆ ಮೊದಲು. ನಮ್ಮಲ್ಲಿ ಹೀಗೆ ಹೇಳಿದರೆ ತಾರೀಕು ಹೇಳುವುದೇ ಬೇಡ.

ಈಗ ಈ ವಾಕ್ಯದಿಂದ ಹಿಂದಕ್ಕೆ ಹೋದೆ. ಮಳೆನೀರು ಹರಿದು ಹೋಗುವ ಆ ದಂಬೆಯನ್ನು ಯಾಕೆ ನೋಡಬೇಕು? ಅದರಲ್ಲಿ ತರಗೆಲೆ ಕಟ್ಟಿ ನೀರು ಅಂಚು ದಾಟಿ ಒಳಗೆ ಇಳಿಯುತ್ತದೆ. ಸರಿ, ಅದಕ್ಕೆ ಒಂದು ಫೋಟೋ ಬೇಕು. ಜನ ಈಗ ಯಾಕೆ ದಂಬೆ ನೋಡುವುದಿಲ್ಲ? ನೀರು ತೊಟ್ಟಿಕ್ಕುವ ಜಾಗ ಬೇರೆ ಇರುತ್ತದೆ. ಒಳಗೆ ಇಳಿದ ನೀರು ಪಕ್ಕಾಸಿಗೇ ಅಂಟಿಕೊಂಡು ಇಳಿಜಾರಿಗೆ ಹರಿದು ಹೋಗಿ, ರೀಪೋ ಮೊಳೆಯೋ ತಡೆದಲ್ಲಿ ಬೀಳುತ್ತದೆ. ನಾವು ಬಿದ್ದ ಜಾಗದ ಮೇಲಿನ ಹಂಚು ಬದಲಿಸುತ್ತೇವೆ. ಮುಂದಿನ ಮಳೆಗೆ ಅಲ್ಲೇ ಬಕೆಟ್ ಇಡುತ್ತೇವೆ. ಇದಕ್ಕೆ ಆ ಬಾಣಗಳ ಚಿತ್ರ ಬೇಕೇ ಬೇಕು, ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಹೀಗೆ ಹಿಂದೆ ಹಿಂದೆ ಹೋಗಿ, ಕೊನೆಗೆ ನಿಂತದ್ದು ನಮ್ಮ ನಡುಮನೆಯ ಒದ್ದೆ ಗೋಡೆಯ ಫೋಟೋ ಹತ್ತಿರ. ಅದಕ್ಕೆ ಹಿಂದೆ ಏನೂ ಬೇಕಿಲ್ಲ. ಒದ್ದೆ ಗೋಡೆ ನೋಡಿದರೆ ಈ ಊರಿನ ಯಾರಿಗಾದರೂ ಅರ್ಥ ಆಗುತ್ತದೆ.

ನಾಲ್ಕು ಸ್ಲೈಡ್. ಒದ್ದೆ ಗೋಡೆ, ಮೂಲೆಯ ದಂಬೆ, ನೀರು ಹರಿಯುವ ಚಿತ್ರ, ಪತ್ತನಾಜೆಯೊಳಗಿನ ಕೆಲಸ. ಈ ಸರಪಳಿಯಲ್ಲಿ ಕೊಂಡಿ ಆಗದ್ದೆಲ್ಲ ಹೊರಗೆ.

ಪರಿಚಯ, ಪಟ್ಟಿ, ಧನ್ಯವಾದ ಹೋಗಿದ್ದು ಗೊತ್ತೇ ಆಗಲಿಲ್ಲ. ಹೆಸರು ಹೇಳಲಿಕ್ಕೆ ನಿರೂಪಕರು ಇದ್ದಾರೆ. ಹೋಲಿಕೆಯದ್ದೂ ಸುಲಭ, ಮನೆ ಕಟ್ಟಿ ಆದವರಿಗೆ ತಾರಸಿಯ ಮಾತು ಯಾಕೆ? ಇತಿಹಾಸ ಮಾತ್ರ ನೋವು ಕೊಟ್ಟಿತು. 1865ರಲ್ಲಿ ಬಾಸೆಲ್ ಮಿಶನ್‌ನ ಜಾರ್ಜ್ ಪ್ಲೆಬ್ಸ್ಟ್ ನಮ್ಮ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಕಥೆ. ಮುದ್ರೆ ಒತ್ತಿದ ಹಳೆಯ ಹಂಚಿನ ಫೋಟೋ ತೆಗೆಯಲಿಕ್ಕೆ ನಾನು ಎಷ್ಟು ಮನೆ ಅಟ್ಟ ಹತ್ತಿದ್ದೇನೆ! ಮಂಗಳೂರಿನಲ್ಲಿ ಜನ ಚಪ್ಪಾಳೆ ತಟ್ಟಿದ್ದೂ ಅದಕ್ಕೇ. ಉಳಿಸಬಹುದಾ ಅಂತ ಅಮ್ಮನ ಹತ್ತಿರ ಕೇಳಿದೆ. "ನೀರು ತಲೆ ಮೇಲೆ ಬೀಳುವಾಗ ಹಂಚು ಯಾರು ಮಾಡಿದ್ದು ಅಂತ ಯಾರು ಕೇಳ್ತಾರೆ ಮಾರಾಯ?" ಹೋಯಿತು.

ನಿಜವಾಗಿ ಕಷ್ಟವಾದದ್ದು ಮೂರು ಮನೆಗಳದ್ದು. ನಮ್ಮ ಮನೆ, ಚಿಕ್ಕಪ್ಪನ ಮನೆ, ಪಕ್ಕದ ಮನೆ, ತಲಾ ಮೂರು ಸ್ಲೈಡ್. ಇತಿಹಾಸ ಬರೀ ಅಲಂಕಾರ, ಇದು ಪುರಾವೆ. ಒಂದು ಮನೆ ತೋರಿಸಿದರೆ ಅದು ನನ್ನ ಮನೆಯ ಕಥೆ ಅಷ್ಟೇ. ಮೂರು ತೋರಿಸಿದರೆ ಜನ ತಮ್ಮ ಮನೆಯನ್ನು ನೆನೆಸಿಕೊಳ್ಳುತ್ತಾರೆ. ಮೂರು ಮನೆಯ ಫೋಟೋ ಒಂದೇ ಸ್ಲೈಡಿಗೆ ಹಾಕಿ ನೋಡಿದೆ. ಹಿಂದಿನ ಸಾಲಿನಿಂದ ತರಗೆಲೆ ಕಾಣುವುದೇ ಇಲ್ಲ, ಎಲ್ಲ ಕೆಂಪು ಕಲೆ. ಕೊನೆಗೆ ನಮ್ಮ ಮನೆ ಮಾತ್ರ ಪೂರ್ತಿ ಪರದೆಗೆ ಇಟ್ಟು, "ಇನ್ನೆರಡು ಮನೆಯಲ್ಲೂ ಇದೇ ಕಂಡೆ" ಅಂತ ಬಾಯಲ್ಲಿ ಒಂದು ಮಾತು ಇಟ್ಟುಕೊಂಡೆ. ಇದರಲ್ಲಿ ಒಂದು ನಷ್ಟ ಇದೆ, ಒಪ್ಪುತ್ತೇನೆ. ಸಂಶಯ ಇರುವವನನ್ನು ಈ ಐದು ನಿಮಿಷ ಒಪ್ಪಿಸುವುದಿಲ್ಲ. ಅವನು ಪ್ರಶ್ನೆ ಕೇಳಿದರೆ ತೋರಿಸಲಿಕ್ಕೆ ಇರಲಿ ಅಂತ ಮೂರು ಸ್ಲೈಡ್ ಅಳಿಸದೆ ಇಟ್ಟೆ. ಎರಡು ಬೇರೆ ಮನೆಯ ದಂಬೆಗಳು, ಒಂದು ಖರ್ಚಿನ ಪಟ್ಟಿ.

ಪಟ್ಟಿಯನ್ನು ಮೊದಲು ಐದನೇ ಸ್ಲೈಡ್ ಆಗಿ ಇಟ್ಟಿದ್ದೆ, ಅದೂ ಹೇಳಬೇಕು. ಅಕ್ಕನಿಗೆ ಫೋನ್ ಎದುರಿಗೆ ಇಟ್ಟು ಪೂರ್ತಿ ಹೇಳಿ ತೋರಿಸಿದೆ. ಮರುದಿನ ನೀರುದೋಸೆ ತಿನ್ನುವಾಗ ಕೇಳಿದೆ, "ಅಕ್ಕ, ನಿನ್ನೆ ನಾನು ಏನು ಹೇಳಿದ್ದು?" ಅವಳು ಹೇಳಿದ್ದು ಹಂಚು ಹೊಸತು ಹಾಕಿಸಲಿಕ್ಕೆ ಎಷ್ಟಾಗುತ್ತದೆ ಅಂತ. ಮೂಲೆ ಇಲ್ಲ, ದಂಬೆ ಇಲ್ಲ, ಪತ್ತನಾಜೆ ಇಲ್ಲ. ಕೇಳಿದವರಿಗೆ ದುಡ್ಡಿನ ಅಂಕಿ ಮಾತ್ರ ನೆನಪಿತ್ತು. ನಾನು ಬದಲಿಸಬೇಡಿ ಅಂದದ್ದನ್ನೇ ಅವಳು ನೆನಪಿಟ್ಟುಕೊಂಡಿದ್ದಳು! ಪಟ್ಟಿ ಅಲ್ಲಿಂದ ಎದ್ದಿತು. ಮಾತಾಡಿದ ಕೂಡಲೇ ಕೇಳಬೇಡಿ, ಒಂದು ರಾತ್ರಿ ಬಿಡಿ. ಕೂಡಲೇ ಕೇಳಿದರೆ ಎಲ್ಲರೂ ಚಂದ ಇತ್ತು ಅನ್ನುತ್ತಾರೆ.

ಇನ್ನು ಪರದೆಯ ಕೆಲಸ, ಬೇಗ ತೋರಿಸುತ್ತೇನೆ. ಹಳೆಯ ಫೈಲನ್ನು ಮುಟ್ಟಲಿಲ್ಲ. `maadu-30.pptx` ಅನ್ನು ನಕಲು ಮಾಡಿ `maadu-5.pptx` ಅಂತ ಹೆಸರು ಕೊಟ್ಟೆ. ನಾಲ್ಕು ಸ್ಲೈಡ್ ಮುಂದೆ ತಂದೆ. ಪ್ರಶ್ನೆಗೆ ಬೇಕಾದ ಮೂರನ್ನು ಅದರ ಹಿಂದೆ ಇಟ್ಟು, ಮೌಸಿನ ಬಲ ಬದಿಯ ಬಟನ್ ಒತ್ತಿ `Hide Slide` ಕೊಟ್ಟೆ. ಉಳಿದದ್ದು ಅಳಿಸಿದೆ. ಅಡಗಿಸಿದ ಸ್ಲೈಡ್ ತಾನಾಗಿ ಬರುವುದಿಲ್ಲ, ಆದರೆ ತೋರಿಸುತ್ತಿರುವಾಗ ಅದರ ಸಂಖ್ಯೆ ಒತ್ತಿ `Enter` ಕೊಟ್ಟರೆ ಬರುತ್ತದೆ. ಸಂಖ್ಯೆ ಹೊಸ ಜಾಗದ್ದು, ಹಳೆಯದ್ದಲ್ಲ. ಹಾಗಾಗಿ ಅಂಗೈಯಷ್ಟು ಕಾಗದದಲ್ಲಿ ಬರೆದುಕೊಂಡೆ: 5 ಚಿಕ್ಕಪ್ಪನ ಮನೆ, 6 ಪಕ್ಕದ ಮನೆ, 7 ಖರ್ಚು. ಒಂದು ಎಚ್ಚರ, ಅಡಗಿಸಿದ್ದು ಅಳಿಸಿದ್ದಲ್ಲ. ಸಂಘಟಕರಿಗೆ ಪಿಡಿಎಫ್ ಮಾಡಿ ಕಳಿಸಿದಾಗ ಆ ಮೂರೂ ಸಾಲಾಗಿ ಕೂತಿದ್ದವು. ಅಡಗಿಸಿದ ಸ್ಲೈಡೂ ಸೇರಲಿ ಅನ್ನುವ ಟಿಕ್ ಇತ್ತು, ನಾನು ನೋಡಿರಲಿಲ್ಲ. ಅದನ್ನು ತೆಗೆದು ಮತ್ತೆ ಕಳಿಸಿದೆ.

ಬಾಣದ ಚಿತ್ರದಲ್ಲಿ ಏಳು ಇದ್ದದ್ದನ್ನು ಎರಡು ಮಾಡಿದೆ. ಮೊದಲು ಬರೀ ಮಾಡು, ಒಂದು ಸಲ ಒತ್ತಿದರೆ ನೀರು ಒಳಗೆ ಇಳಿಯುವ ಜಾಗ, ಇನ್ನೊಂದು ಸಲಕ್ಕೆ ಅದು ಹರಿದು ಬೀಳುವ ದಾರಿ ಪೂರ್ತಿ. ಆಮೇಲೆ ಹೊತ್ತು ಹಂಚಿದೆ. ಗೋಡೆಗೆ 40 ಸೆಕೆಂಡ್, ದಂಬೆಗೆ 70, ಚಿತ್ರಕ್ಕೆ 100, ಕೆಲಸಕ್ಕೆ 50. ಒಟ್ಟು 260. ಐದು ನಿಮಿಷ ಅಂದರೆ 300. ಉಳಿದ 40 ಸೆಕೆಂಡ್ ಬೇಕೇ ಬೇಕು. ಮೈಕ್ ಸಿಗಬೇಕು, ಪರದೆ ಬರಬೇಕು, ಯಾರಾದರೂ ನಗಬೇಕು. ಚಿತ್ರಕ್ಕೆ ಯಾಕೆ ಅಷ್ಟು ಜಾಸ್ತಿ ಅಂದರೆ, ನಂಬಿಕೆ ತಿರುಗುವುದು ಅಲ್ಲಿಯೇ. ಅದರಲ್ಲಿ ಅವಸರ ಮಾಡಿದರೆ ಉಳಿದ ಮೂರೂ ಸುಮ್ನೆ.

ಈ ಬೆಳಕು ಉಡುಪಿ ಬಸ್‌ಸ್ಟ್ಯಾಂಡಿನ ಸಂಜೆಯದ್ದು. ಹಾಲ್ ಹತ್ತಿರವೇ ಇತ್ತು, ನಡೆದೇ ಹೋದೆ. ಒಳಗೆ ಕ್ಯಾಮೆರಾ ಇಡಲಿಲ್ಲ, ಹಾಗಾಗಿ ಧ್ವನಿ ಮಾತ್ರ ಇದೆ. ನಾಲ್ಕು ನಿಮಿಷ ನಲವತ್ತೆರಡು ಸೆಕೆಂಡಿಗೆ ಮುಗಿಸಿದೆ, ಗಂಟೆಗೆ ಮೊದಲೇ. ಎರಡನೇ ಸಾಲಿನಿಂದ ಹಿರಿಯರೊಬ್ಬರು ಎದ್ದರು. "ಇದು ನಿಮ್ಮ ಒಂದು ಮನೆಯ ಕಥೆ ಅಲ್ವಾ? ಎಲ್ಲ ಕಡೆ ಹೀಗೇ ಅಂತ ಹೇಗೆ ಹೇಳ್ತೀರಿ?"

ಕಿಸೆಯಿಂದ ಕಾಗದ ತೆಗೆದೆ. 5 ಒತ್ತಿದೆ, `Enter` ಒತ್ತಿದೆ. ಚಿಕ್ಕಪ್ಪನ ಮನೆಯ ದಂಬೆ ಬಂತು, ತರಗೆಲೆ ಸಮೇತ. ಆಮೇಲೆ 6. ಅವರು ಕನ್ನಡಕ ಏರಿಸಿ ನೋಡಿ, "ನಮ್ಮಲ್ಲಿ ಹಲಸಿನ ಮರ ಉಂಟು, ಅದೇ ಮೂಲೆಗೆ" ಅಂದರು.