ಮೊದಲ ಸಾಲಿನಲ್ಲೇ ಹೇಳಿಬಿಡಿ: ‘ಕಲ್ಯಾಣದಲ್ಲೇ ಇಳಿಯಿರಿ’

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯ ಭಾನುವಾರ ಬೆಳಗ್ಗೆ ಇಷ್ಟು ಜನ ಬಂದಿದ್ದೀರಿ, ಅದೂ ಮೆಸೇಜ್ ಬರೆಯುವುದು ಹೇಗೆ ಅಂತ ಕೇಳೋದಕ್ಕೆ. ಇವತ್ತು ಒಂದೇ ಒಂದು ಮೆಸೇಜನ್ನು ಹಿಡಿದುಕೊಂಡು ಮಾತಾಡುತ್ತೇನೆ. ಅದನ್ನೇ ಬಿಡಿಸಿ ನೋಡೋಣ.

ಸಂದರ್ಭ ಹೀಗಿದೆ ಅಂದುಕೊಳ್ಳಿ. ಅಪ್ಪ ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ದಾರೆ. ದಾದರಿನಲ್ಲಿ ಇಳಿಯಬೇಕು, ಅಲ್ಲಿಂದ ನೀವು ಕರೆದುಕೊಂಡು ಬರಬೇಕು, ಇದು ನಿಮ್ಮ ಮಾತು. ಆದರೆ ಜುಲೈ ತಿಂಗಳು, ಬೆಳಗ್ಗೆಯಿಂದ ಮಳೆ, ಲೋಕಲ್ ನಿಂತಿದೆ. ಅವರು ಕಲ್ಯಾಣದಲ್ಲೇ ಇಳಿದರೆ ತಮ್ಮ ಹೋಗಿ ಕರೆತರಬಹುದು. ಅಪ್ಪನ ಹತ್ತಿರ ಇರುವುದು ಬಟನ್ ಫೋನ್, ಅಂದರೆ ವಾಟ್ಸಾಪ್ ನೋಡುವ ಅಭ್ಯಾಸ ಅವರಿಗಿಲ್ಲ. ಕರೆ ಸಿಗುತ್ತಿಲ್ಲ. ಹಾಗಾಗಿ ಎಸ್‌ಎಂಎಸ್ ಕಳಿಸುತ್ತೀರಿ.

ನಮ್ಮಲ್ಲಿ ಹೆಚ್ಚಿನವರು ಬರೆಯುವುದು ಹೀಗೆ:

‘ಅಪ್ಪಾ, ಊಟ ಆಯ್ತಾ? ಇಲ್ಲಿ ಬೆಳಗ್ಗೆಯಿಂದ ಮಳೆ ನಿಂತಿಲ್ಲ. ಕುರ್ಲಾ, ಸಾಯನ್ ಹತ್ತಿರ ಹಳಿ ಮೇಲೆ ನೀರು ನಿಂತಿದೆ. ಲೋಕಲ್ ಓಡುತ್ತಿಲ್ಲ. ದಾದರಿಗೆ ಬರೋದು ನಮಗೆ ಕಷ್ಟ ಆಗಬಹುದು, ಆದ್ದರಿಂದ ನೀವು ದಾದರಿಗೆ ಬರುವ ಬದಲು ಕಲ್ಯಾಣದಲ್ಲೇ ಇಳಿದುಬಿಡಿ, ತಮ್ಮ ಬರುತ್ತಾನೆ.’

ಓದೋದಕ್ಕೆ ಚೆನ್ನಾಗಿದೆ, ಪ್ರೀತಿಯೂ ಇದೆ. ಈಗ ಇದು ಫೋನಿನೊಳಗೆ ಏನಾಗುತ್ತದೆ ನೋಡಿ. ಒಂದು ಎಸ್‌ಎಂಎಸ್‌ನಲ್ಲಿ ಹಿಡಿಯುವುದು 140 ಬೈಟ್ ಅಷ್ಟೇ. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಯುತ್ತವೆ. ಕನ್ನಡಕ್ಕೆ ಒಂದೊಂದಕ್ಕೂ 16 ಬಿಟ್ ಬೇಕು, ಹಾಗಾಗಿ 70 ಮಾತ್ರ. ಇಂಗ್ಲಿಷ್‌ನಲ್ಲಿ ಬರೆದು ಮಧ್ಯೆ ಒಂದೇ ಒಂದು ಕನ್ನಡ ಅಕ್ಷರ ಅಥವಾ ಒಂದು ನಗುಮುಖ ಹಾಕಿದರೂ ಇಡೀ ಮೆಸೇಜ್ 70ರ ಲೆಕ್ಕಕ್ಕೆ ಇಳಿಯುತ್ತದೆ. 70 ದಾಟಿದರೆ ಫೋನ್ ಅದನ್ನು ತುಂಡು ಮಾಡುತ್ತದೆ. ಇದು ಎಷ್ಟನೇ ತುಂಡು ಅಂತ ಗುರುತು ಹಾಕೋದಕ್ಕೂ ಜಾಗ ಬೇಕಲ್ವಾ, ಅದಕ್ಕೇ ತುಂಡೊಂದರಲ್ಲಿ ಉಳಿಯುವುದು 67.

ಇನ್ನೊಂದು ವಿಷಯ. ಫೋನ್ ಎಣಿಸುವುದು ನಾವು ಎಣಿಸಿದ ಹಾಗಲ್ಲ. ‘ಲ್ಲೇ’ ನಮ್ಮ ಕಣ್ಣಿಗೆ ಒಂದು ಅಕ್ಷರ. ಫೋನಿಗೆ ಅದು ನಾಲ್ಕು: ಲ, ಆಮೇಲೆ ಅರ್ಧ ಮಾಡುವ ಗುರುತು, ಮತ್ತೊಂದು ಲ, ಕೊನೆಗೆ ಏತ್ವ. ‘ಕಲ್ಯಾಣದಲ್ಲೇ’ ಅನ್ನುವ ಐದಕ್ಷರದ ಪದಕ್ಕೆ ಹನ್ನೊಂದು ಜಾಗ ಹೋಗುತ್ತದೆ. ಒತ್ತಕ್ಷರ ಜಾಸ್ತಿ ಇದ್ದಷ್ಟೂ ಮೆಸೇಜ್ ಬೇಗ ತುಂಬುತ್ತದೆ.

ಈಗ ಆ ಉದ್ದ ಮೆಸೇಜಿನ ಮೊದಲ 67 ಎಣಿಸಿ. ‘ಕುರ್ಲಾ, ಸಾಯನ್ ಹತ್ತಿ’ವರೆಗೂ ಪೂರ್ತಿ ಬರೋದಿಲ್ಲ, ‘ಹತ್ತ’ ಅನ್ನುವಲ್ಲಿಗೆ ಮುಗಿಯುತ್ತದೆ. ಊಟ ಆಯ್ತಾ ಅನ್ನೋದು ಇದೆ, ಮಳೆ ಇದೆ, ಕುರ್ಲಾ ಇದೆ. ಕಲ್ಯಾಣ ಇಲ್ಲ. ಅದು ಮುಂದಿನ ತುಂಡುಗಳಲ್ಲಿ ಬರುತ್ತಿದೆ.

ಸಾಮಾನ್ಯವಾಗಿ ಎಲ್ಲ ತುಂಡುಗಳೂ ಬರುತ್ತವೆ, ಫೋನ್ ಸೇರಿಸಿ ತೋರಿಸುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಆದರೆ ರೈಲು ಲೋಣಾವಳ ಬಿಟ್ಟು ಭೋರ್ ಘಾಟ್ ಇಳಿಯುತ್ತಿದೆ. ಸುರಂಗದ ಮೇಲೆ ಸುರಂಗ, ಸಿಗ್ನಲ್ ಬರುತ್ತದೆ ಹೋಗುತ್ತದೆ. ಒಂದು ತುಂಡು ಬಂದು ಇನ್ನೊಂದು ತಡವಾದರೆ ಕೆಲವು ಫೋನ್‌ಗಳು ಬಂದಷ್ಟನ್ನು ತೋರಿಸುತ್ತವೆ, ಕೆಲವು ಎಲ್ಲ ಸೇರುವವರೆಗೆ ಏನನ್ನೂ ತೋರಿಸುವುದಿಲ್ಲ. ಕರ್ಜತ್ ದಾಟಿದ ಮೇಲೆ ಕಲ್ಯಾಣಕ್ಕೆ ಜಾಸ್ತಿ ಹೊತ್ತೂ ಇಲ್ಲ. ಅಪ್ಪ ‘ಊಟ ಆಯ್ತು’ ಅಂತ ಉತ್ತರ ಬರೆದು, ಕಿಟಕಿಯಿಂದ ಕಲ್ಯಾಣ ಸ್ಟೇಷನ್ ನೋಡುತ್ತಾ ಮುಂದೆ ಹೋಗಿಬಿಡಬಹುದು.

ಸ್ಮಾರ್ಟ್‌ಫೋನ್ ಇದ್ದರೆ ಈ ತೊಂದರೆ ಇಲ್ಲ ಅನ್ನುತ್ತೀರಾ? ಅಲ್ಲಿ ತುಂಡಾಗುವ ಜಾಗ ಬೇರೆ, ಅಷ್ಟೇ. ಲಾಕ್ ಆದ ಪರದೆಯ ಮೇಲೆ ಕಾಣುವುದು ಮೆಸೇಜಿನ ಶುರುವಿನ ಒಂದೆರಡು ಸಾಲು, ಅದರಲ್ಲೂ ಗುಂಪಿನ ಮೆಸೇಜ್ ಆದರೆ ಗುಂಪಿನ ಹೆಸರು, ಕಳಿಸಿದವರ ಹೆಸರು ಒಂದಷ್ಟು ಜಾಗ ತಿಂದುಬಿಡುತ್ತವೆ. ವಯಸ್ಸಾದವರು ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ, ಆಗ ಇನ್ನೂ ಕಡಿಮೆ ಕಾಣುತ್ತದೆ. ಮೆಸೇಜ್ ತೆರೆದರೂ ತುಂಬಾ ಉದ್ದ ಇದ್ದರೆ ವಾಟ್ಸಾಪ್ ಅದನ್ನು ಮಡಚಿ ಕೆಳಗೆ ‘ಇನ್ನಷ್ಟು ಓದಿ’ ಅಂತ ಹಾಕುತ್ತದೆ. ಅದನ್ನು ಒತ್ತುವವರು ಎಷ್ಟು ಜನ ಅಂತ ನಿಮಗೇ ಗೊತ್ತು.

ಹಾಗಾದರೆ ತಿರುಗಿಸಿ ಬರೆಯೋಣ. ಮೊದಲು ಅವರು ಮಾಡಬೇಕಾದ ಕೆಲಸ. ಕಾರಣ ಆಮೇಲೆ.

ನಮಗೆ ಇದು ಕಷ್ಟ, ಯಾಕೆಂದರೆ ಮೊದಲು ವಿಷಯ ಹೇಳಿ, ಪೀಠಿಕೆ ಹಾಕಿ, ‘ಆದ್ದರಿಂದ’ ಅಂತ ಸೇರಿಸಿ, ಕೊನೆಗೆ ಕೇಳೋದು ನಮ್ಮ ರೂಢಿ. ಹಿರಿಯರಿಗೆ ನೇರವಾಗಿ ‘ಇಳಿಯಿರಿ’ ಅನ್ನಲು ಸಂಕೋಚ ಬೇರೆ. ‘ಅಪ್ಪಾ’ ಅನ್ನುವುದನ್ನು ಇಟ್ಟುಕೊಳ್ಳಿ, ‘ಇಳಿಯಿರಿ’ಯಲ್ಲೇ ಗೌರವ ಇದೆ, ಅಷ್ಟು ಸಾಕು. ‘ಆದ್ದರಿಂದ’ ಬಂದ ಕಡೆ ವಾಕ್ಯ ಕತ್ತರಿಸಿ, ಅದರ ಹಿಂದಿನದನ್ನೆಲ್ಲ ಕೆಳಗೆ ಹಾಕಿ. ಬೇಕಾದರೆ ‘ಯಾಕೆಂದರೆ’ ಅಂತ ಶುರು ಮಾಡಿ.

ಇಲ್ಲೊಂದು ಬಲೆ ಇದೆ. ‘ದಾದರಿಗೆ ಬರಬೇಡಿ’ ಅಂತ ಮೊದಲು ಬರೆಯಬೇಡಿ. ಕನ್ನಡದಲ್ಲಿ ಬೇಡ ಅನ್ನುವುದು ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ಅಲ್ಲೇ ತುಂಡಾಗಿ ‘ದಾದರಿಗೆ ಬರಬೇ…’ ಅಂತ ಕಂಡರೆ ಅವರು ‘ಬರಬೇಕು’ ಅಂತಲೂ ಓದಬಹುದು. ಬಾಲ ಹೋದರೆ ಅರ್ಥ ತಿರುಗಿಬೀಳುತ್ತದೆ. ಮಾಡಬೇಕಾದದ್ದನ್ನು ಮೊದಲು ಹೇಳಿ, ಮಾಡಬಾರದ್ದು ಅದರ ಹಿಂದೆ ಬರಲಿ.

‘ಅಪ್ಪಾ, ಕಲ್ಯಾಣದಲ್ಲೇ ಇಳಿಯಿರಿ. ದಾದರಿಗೆ ಬರಬೇಡಿ. ತಮ್ಮ ಸ್ಟೇಷನ್ನಿಗೆ ಬರುತ್ತಾನೆ.’

ಎಣಿಸಿ ನೋಡಿ, ಖಾಲಿ ಜಾಗವೂ ಸೇರಿ 71. ಕೊನೆಯ ಚುಕ್ಕೆಯೊಂದರಿಂದ ಎರಡು ತುಂಡು! ಚುಕ್ಕೆ ತೆಗೆದರೆ ಸರಿಹೋಗುತ್ತದೆ, ಆದರೆ ನಾನು ತೆಗೆಯೋದು ‘ಸ್ಟೇಷನ್ನಿಗೆ’ ಅನ್ನುವುದನ್ನು. ರೈಲು ಇಳಿದವರನ್ನು ಕರೆಯೋಕೆ ಇನ್ನೆಲ್ಲಿಗೆ ಬರುತ್ತಾರೆ? ಈಗ 59 ಆಯ್ತು, ಹನ್ನೊಂದು ಉಳಿಯಿತು. ಅಷ್ಟರಲ್ಲಿ ‘ಸರಿ ಅನ್ನಿ’ ಅಂತ ಸೇರಿಸಬಹುದು:

‘ಅಪ್ಪಾ, ಕಲ್ಯಾಣದಲ್ಲೇ ಇಳಿಯಿರಿ. ದಾದರಿಗೆ ಬರಬೇಡಿ. ತಮ್ಮ ಬರುತ್ತಾನೆ. ಸರಿ ಅನ್ನಿ.’

ಸರಿಯಾಗಿ 70. ಹಿಂದಿನಿಂದ ಒಂದೊಂದೇ ವಾಕ್ಯ ಕತ್ತರಿಸುತ್ತಾ ಬನ್ನಿ. ‘ಸರಿ ಅನ್ನಿ’ ಹೋದರೆ ಉತ್ತರ ಬರದೆ ನೀವು ಚಡಪಡಿಸುತ್ತೀರಿ, ಅಷ್ಟೇ. ‘ತಮ್ಮ’ ಹೋದರೆ ಅಪ್ಪ ಕಲ್ಯಾಣದಲ್ಲಿ ಇಳಿದು ಸ್ವಲ್ಪ ಹೊತ್ತು ಕಾಯುತ್ತಾರೆ. ದಾದರ್ ಹೋದರೂ ನಷ್ಟವಿಲ್ಲ. ಇವುಗಳಲ್ಲಿ ಯಾವ ವಾಕ್ಯ ಹೋದರೂ ಅವರು ಸರಿಯಾದ ಸ್ಟೇಷನ್‌ನಲ್ಲೇ ಇಳಿಯುತ್ತಾರೆ. ಮಳೆಯ ಕಥೆಯನ್ನು ಬೇರೆ ಮೆಸೇಜಿನಲ್ಲಿ ಕಳಿಸಿ, ಅಥವಾ ಮನೆಗೆ ಬಂದ ಮೇಲೆ ಹೇಳಿ.

ಎಣಿಸುವುದಕ್ಕೆ ಬೇಜಾರಾದರೆ, ಬಹಳಷ್ಟು ಫೋನ್‌ಗಳಲ್ಲಿ ಟೈಪ್ ಮಾಡುವ ಜಾಗದ ಪಕ್ಕದಲ್ಲೇ ಒಂದು ಸಣ್ಣ ಲೆಕ್ಕ ಕಾಣುತ್ತದೆ, ಎಷ್ಟು ಉಳಿದಿದೆ, ಎಷ್ಟನೇ ತುಂಡು ಅಂತ. ಅಲ್ಲಿ 2 ಬಂದರೆ ನಿಲ್ಲಿಸಿ ನೋಡಿ.

ಒಂದು ಎಚ್ಚರಿಕೆ. ಹುಡುಗರು ಮಾಡುವ ಹಾಗೆ ಒಂದೊಂದು ಸಾಲನ್ನೂ ಒಂದೊಂದು ಮೆಸೇಜ್ ಮಾಡಿದರೆ ಈ ಉಪಾಯ ಕೆಲಸ ಮಾಡೋದಿಲ್ಲ. ಪರದೆ ಮೇಲೆ ಎದ್ದು ಕಾಣುವುದು ಕೊನೆಗೆ ಬಂದದ್ದು. ಹಾಗಾಗಿ ‘ಕಲ್ಯಾಣದಲ್ಲೇ ಇಳಿಯಿರಿ’ ಅಂತ ಕಳಿಸಿ, ಅದರ ಮೇಲೆ ಸುಮ್ನೆ ‘ತುಂಬಾ ಮಳೆ ಅಪ್ಪಾ’ ಅಂತ ಇನ್ನೊಂದು ಕಳಿಸಿದರೆ, ಮುಖ್ಯವಾದದ್ದನ್ನು ನೀವೇ ಮುಚ್ಚಿದ ಹಾಗೆ.

ಸಾವಿನ ಸುದ್ದಿಗೆ ಮಾತ್ರ ಈ ಕ್ರಮ ಬೇಡ. ಪ್ರಯಾಣದಲ್ಲಿರುವವರಿಗೆ ಅದನ್ನು ಮೊದಲ ಸಾಲಿನಲ್ಲಿ ಹಾಕಬಾರದು, ಮೆಸೇಜಿನಲ್ಲೇ ಹಾಕಬಾರದು ಅನ್ನೋದು ನನ್ನ ಅಭಿಪ್ರಾಯ.

ಇನ್ನು ಉತ್ತರ ಬರದೇ ಇದ್ದರೆ? ಅದೇ ಮೆಸೇಜನ್ನು ಅದೇ ಪದಗಳಲ್ಲಿ ಮತ್ತೆ ಕಳಿಸಿ. ಬೇರೆ ಥರ ಬರೆದರೆ ಎರಡೂ ಒಟ್ಟಿಗೆ ಬಂದಾಗ ಯೋಜನೆ ಬದಲಾಯಿತೋ ಏನೋ ಅಂತ ಅವರಿಗೆ ಗೊಂದಲ ಆಗುತ್ತದೆ. ನಿಜವಾಗಿಯೂ ಬದಲಾಗಿದ್ದರೆ, ಲೋಕಲ್ ಶುರುವಾಗಿದ್ದರೆ, ಹೊಸ ಮೆಸೇಜಿನ ಶುರುವಿನಲ್ಲೇ ‘ಕಲ್ಯಾಣ ಬೇಡ’ ಅಂತ ಹಾಕಬೇಡಿ, ಮೊದಲು ‘ದಾದರಿನಲ್ಲೇ ಇಳಿಯಿರಿ’ ಅಂತ ಬರೆಯಿರಿ, ಅದರ ಹಿಂದೆ ‘ಹಳೆ ಮೆಸೇಜ್ ಬಿಡಿ’ ಅನ್ನಿ.