ಡಬ್ಬ ಕೊನೆಗೆ ನೋಡಿ, ಕಾರ್ಬನ್ ಮೊದಲು ಬಿಚ್ಚಿ

ನಮಸ್ಕಾರ. ಇವತ್ತಿನ ಮಾತು ನಾಲ್ಕಿಂಚಿನ ಗ್ರೈಂಡರಿನದ್ದು. ದೋಸೆಹಿಟ್ಟಿನ ಗ್ರೈಂಡರ್ ಅಲ್ಲ ಮಾರಾಯ್ರೆ, ಗೇಟಿನ ವೆಲ್ಡಿಂಗ್ ತಿಕ್ಕುವುದು, ವಯರಿಂಗಿಗೆ ಕೆಂಪುಕಲ್ಲಿನ ಗೋಡೆ ಸೀಳುವುದು, ಆ ಗ್ರೈಂಡರ್. ಕುಂಬಳೆಯಿಂದ ಬದಿಯಡ್ಕದವರೆಗೆ ಮನೆ ಕಟ್ಟುವ ಜಾಗ ಯಾವುದೇ ಇರಲಿ, ಇದರ ಸದ್ದು ಉಂಟು. ಡೂಪ್ಲಿಕೇಟ್ ಹೆಚ್ಚು ಕಾಣುವುದೂ ಇದರಲ್ಲೇ.

ವಾಟ್ಸಾಪಿನಲ್ಲಿ "ಇದು ಒರಿಜಿನಲ್ಲಾ?" ಅಂತ ಕೇಳುವವರು ಮೊದಲು ಕಳಿಸುವುದು ಡಬ್ಬದ ಫೋಟೋ. ನನ್ನ ಪ್ರಕಾರ ಅದನ್ನು ಕಟ್ಟಕಡೆಗೆ ನೋಡಬೇಕು. ನಕಲು ಮಾಡುವವನಿಗೆ ಅತಿ ಕಡಿಮೆ ಖರ್ಚಿನಲ್ಲಿ ಆಗುವ ಕೆಲಸ ಅಂದ್ರೆ ಡಬ್ಬ ಅಚ್ಚು ಹಾಕಿಸುವುದು. ಒರಿಜಿನಲ್ ಡಬ್ಬವನ್ನೇ ಗುಜರಿಯಿಂದ ಎತ್ತಿ ಅದರೊಳಗೆ ಡೂಪ್ಲಿಕೇಟ್ ಮೆಷಿನ್ ಇಟ್ಟರೂ ಆಯ್ತು. ಯಾರೂ ಬಿಚ್ಚಿ ನೋಡುವುದಿಲ್ಲ ಎಂಬ ಧೈರ್ಯದಲ್ಲಿ ಅವನು ದುಡ್ಡು ಉಳಿಸುವ ಜಾಗ ಬೇರೆ, ಅದು ಕಾರ್ಬನ್, ಅಂದ್ರೆ ಮೋಟಾರಿನ ತಿರುಗುವ ಭಾಗಕ್ಕೆ ಒತ್ತಿಕೊಂಡು ಕರೆಂಟು ಕೊಡುವ ಕಪ್ಪು ತುಂಡು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೆಸರಾಂತ ಕಂಪನಿಯ ಹೆಸರು, 850 ವಾಟ್ ಅಂತ ಬರೆದಿದೆ, ಬೆಲೆ ಡೀಲರ್ ಹೇಳುವುದರ ಅರ್ಧಕ್ಕಿಂತಲೂ ಕಡಿಮೆ. ಕೈಯಲ್ಲಿ ನಾಲ್ಕು ಫೋಟೋ ಉಂಟು: ಬಾಡಿಯ ಜೋಡಣೆ, ನೇಮ್‌ಪ್ಲೇಟ್, ಕಾರ್ಬನ್, ಡಬ್ಬ.

ಬಿಚ್ಚುವ ಮೊದಲು ನೇಮ್‌ಪ್ಲೇಟ್ ಒಮ್ಮೆ ನೋಡುವ, ಯಾಕಂದ್ರೆ ಅಲ್ಲಿ ಲೆಕ್ಕ ಹಾಕಲಿಕ್ಕೆ ಆಗ್ತದೆ. 850 ವಾಟ್, 230 ವೋಲ್ಟ್, 2.1 ಆಂಪಿಯರ್ ಅಂತ ಬರೆದಿದೆ ಅಂದುಕೊಳ್ಳಿ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿ. 230 ಗುಣಿಸು 2.1, ಬರುವುದು 483. ಇದರಲ್ಲಿ ನಿಜಕ್ಕೂ ವಾಟ್ ಆಗುವ ಪಾಲು, ಅಂದ್ರೆ ಪವರ್ ಫ್ಯಾಕ್ಟರ್, ಎಷ್ಟೇ ಚೆನ್ನಾಗಿದ್ದರೂ 1ರ ಮೇಲೆ ಹೋಗುವುದಿಲ್ಲ, ಹಾಗಾಗಿ ಈ ಮೆಷಿನ್ ತನ್ನದೇ ಪ್ಲೇಟಿನ ಪ್ರಕಾರ 483 ವಾಟಿನ ಮೇಲೆ ಎಳೆಯಲು ಸಾಧ್ಯ ಇಲ್ಲ. ಮತ್ತೆ 850 ಎಲ್ಲಿಂದ ಬಂತು? ನಿಜವಾದ 850 ವಾಟಿನ ಪ್ಲೇಟಿನಲ್ಲಿ 3.7ರಿಂದ 4 ಆಂಪಿಯರ್ ಆಸುಪಾಸು ಇರಬೇಕು. ಪ್ಲೇಟ್ ಅಚ್ಚು ಮಾಡಿಸಿದವನು ಒಂದು ಮಾಡೆಲಿನ ವಾಟ್ ತೆಗೆದು ಇನ್ನೊಂದರ ಆಂಪಿಯರ್ ಹಾಕಿದರೆ ಹೀಗೆ ಸಿಕ್ಕಿಬೀಳ್ತಾನೆ.

ಇಲ್ಲಿ ಒಂದು ಎಚ್ಚರಿಕೆ. ಪ್ಲೇಟಿನ ಆಂಪಿಯರ್ ಅಂದ್ರೆ ಪೂರ್ತಿ ಲೋಡಿನಲ್ಲಿ ಎಳೆಯುವ ಕರೆಂಟು. ಕ್ಲ್ಯಾಂಪ್ ಮೀಟರ್ ಹಾಕಿ, ಮೆಷಿನನ್ನು ಗಾಳಿಯಲ್ಲಿ ಸುಮ್ಮನೆ ಓಡಿಸಿ, "ನೋಡಿ, ಅರ್ಧವೂ ಇಲ್ಲ" ಅಂತ ಅಂಗಡಿಯವನ ಮೇಲೆ ಹಾರಬೇಡಿ. ಒರಿಜಿನಲ್ ಕೂಡ ಲೋಡ್ ಇಲ್ಲದಾಗ ಕಡಿಮೆಯೇ ಎಳೀತದೆ. ಕೆಲವು ಪ್ಲೇಟಿನಲ್ಲಿ ಆಂಪಿಯರ್ ಬರೆದೇ ಇರುವುದಿಲ್ಲ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಅದೇ ಪ್ಲೇಟಿನಲ್ಲಿ ಚೌಕದೊಳಗೆ ಇನ್ನೊಂದು ಚೌಕ ಇರುವ ಗುರುತು ಹುಡುಕಿ. ಡಬಲ್ ಇನ್ಸುಲೇಶನ್ ಅಂತ ಅರ್ಥ. ಈ ಗುರುತು ಇದ್ದ ಮೆಷಿನಿಗೆ ಅರ್ತ್ ತಂತಿ ಬೇಡ, ವಯರಿನೊಳಗೆ ಎರಡೇ ಎಳೆ. ಗುರುತು ಹಾಕಿ ಒಳಗೆ ಮೂರನೇ ತಂತಿಯನ್ನು ಗೇರ್ ತಲೆಗೆ ಕಟ್ಟಿದ್ದರೆ, ಗುರುತಿನ ಅರ್ಥ ಗೊತ್ತಿಲ್ಲದೆ ಅಂಟಿಸಿದ್ದಾರೆ ಅಂತ ತಿಳಿಯಿರಿ. ಅಕ್ಷರಗಳನ್ನೂ ನೋಡಿ. ಹರ್ಟ್ಸಿನ ಗುರುತಿನಲ್ಲಿ ಮೊದಲನೆಯ ಅಕ್ಷರ ದೊಡ್ಡದು, ಎರಡನೆಯದು ಚಿಕ್ಕದು. ನಕಲಿಯಲ್ಲಿ ಎರಡೂ ದೊಡ್ಡದಾಗುವುದುಂಟು. ಇದು ಸಣ್ಣ ಸುಳಿವು ಅಷ್ಟೆ, ಇದೊಂದರ ಮೇಲೆ ತೀರ್ಪು ಕೊಡಬೇಡಿ.

ಈಗ ಕಾರ್ಬನ್. ಪ್ಲಗ್ ತೆಗೆದ ಮೇಲೆಯೇ ಕೈ ಹಾಕಬೇಕು. ಕೆಲವು ಮೆಷಿನಿನಲ್ಲಿ ಬಾಡಿಯ ಎರಡೂ ಬದಿಯಲ್ಲಿ ಚಪ್ಪಟೆ ಸ್ಕ್ರೂಡ್ರೈವರಿಗೆ ಸಿಗುವ ಕ್ಯಾಪ್ ಇರ್ತದೆ, ಕೆಲವದರಲ್ಲಿ ಹಿಂದಿನ ಮುಚ್ಚಳ ತೆಗೀಬೇಕು. ಹೊರಗೆ ಎಳೆಯುವ ಮೊದಲು ಯಾವ ಬದಿ ಮೇಲಿತ್ತು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ, ವಾಪಸ್ ಹಾಗೆಯೇ ಹಾಕಬೇಕು. ಕಾರ್ಬನಿನ ತುದಿ ಕಮ್ಯುಟೇಟರಿನ, ಅಂದ್ರೆ ಅದು ಒತ್ತಿಕೊಳ್ಳುವ ತಿರುಗುವ ತಾಮ್ರದ ಉರುಳೆಯ, ದುಂಡಗೆ ಹೊಂದಿಕೊಂಡು ಸವೆದಿರ್ತದೆ. ತಿರುಗಿಸಿ ಹಾಕಿದರೆ ಪೂರ್ತಿ ಮುಟ್ಟದೆ ಕಿಡಿ ಹಾರ್ತದೆ. ಸ್ಕೇಲ್ ಪಕ್ಕಕ್ಕಿಟ್ಟು ಮೂರು ಫೋಟೋ ತೆಗೆಯಿರಿ: ಸವೆದ ತುದಿ, ಅಗಲದ ಬದಿ, ಸ್ಪ್ರಿಂಗ್ ಇರುವ ಹಿಂಭಾಗ.

ಹಿಂಭಾಗದಲ್ಲಿ ಮೊದಲು ಹುಡುಕಬೇಕಾದ್ದು ಹೆಣೆದ ತಾಮ್ರದ ಸಣ್ಣ ಎಳೆ. ಕರೆಂಟು ಅದರ ಮೂಲಕ ಕಾರ್ಬನಿಗೆ ಹೋಗಬೇಕು, ಸ್ಪ್ರಿಂಗಿನ ಕೆಲಸ ಒತ್ತುವುದು ಮಾತ್ರ. ಈ ಎಳೆ ಇಲ್ಲದಿದ್ದರೆ ಕರೆಂಟೆಲ್ಲ ಸ್ಪ್ರಿಂಗಿನಲ್ಲೇ ಹರೀತದೆ. ಸ್ಪ್ರಿಂಗ್ ಉಕ್ಕಿನದ್ದು, ಬಿಸಿಯಾಗ್ತದೆ, ಬಿಸಿಯಾಗಿ ಸತ್ವ ಕಳಕೊಳ್ತದೆ. ಒತ್ತಡ ಕಡಿಮೆಯಾದ ಕಾರ್ಬನ್ ಕಮ್ಯುಟೇಟರಿನ ಮೇಲೆ ಕುಣೀತದೆ, ಒಂದೊಂದು ಕುಣಿತಕ್ಕೂ ಕಿಡಿ, ಕಿಡಿಗೆ ತಾಮ್ರ ಸುಟ್ಟು ಕಪ್ಪು. ಕೊನೆಗೆ ಮೋಟಾರಿನ ತಿರುಗುವ ಭಾಗ, ಆರ್ಮೇಚರೇ ಹೋಗ್ತದೆ. ಕಾರ್ಬನ್ ಬದಲಿಸಿದರೆ ಮುಗಿಯುತ್ತಿದ್ದ ಖರ್ಚು ಮೆಷಿನಿನ ಬೆಲೆಗೆ ಹೋಗಿ ನಿಲ್ಲುವುದು ಹೀಗೆ. ಸಣ್ಣ ಡ್ರಿಲ್ಲುಗಳಲ್ಲಿ ಎಳೆ ಇಲ್ಲದ ಕಾರ್ಬನ್ ಇರಬಹುದು. 850 ವಾಟ್ ಅಂತ ಬರೆದ ಗ್ರೈಂಡರಿನಲ್ಲಿ ಕಂಡರೆ ಮಾತ್ರ ನಾನು ಹುಬ್ಬು ಏರಿಸ್ತೇನೆ.

ಅಗಲದ ಬದಿಯಲ್ಲಿ ಒತ್ತಿದ ನಂಬರ್ ಉಂಟಾ ನೋಡಿ. ದೊಡ್ಡ ಕಂಪನಿಗಳು ಪ್ರತಿ ಮಾಡೆಲಿನ ಬಿಡಿಭಾಗಗಳ ಚಿತ್ರಪಟ್ಟಿ ಹೊರಗೆ ಬಿಡ್ತಾರೆ, ಅದರಲ್ಲಿ ಆ ಮಾಡೆಲಿನ ಕಾರ್ಬನ್ ಯಾವುದು ಅಂತ ಇರ್ತದೆ. ಆಟೋಸ್ಟಾಪ್ ಕಾರ್ಬನ್ ಅಂತ ಪಟ್ಟಿಯಲ್ಲಿದ್ದರೆ ಒಳಗೆ ಒಂದು ಸಣ್ಣ ಕಡ್ಡಿ, ಅದನ್ನು ದೂಡುವ ಪುಟ್ಟ ಸ್ಪ್ರಿಂಗ್ ಇರಬೇಕು. ಕಾರ್ಬನ್ ಸವೆದು ಮಿತಿ ಮುಟ್ಟಿದಾಗ ಕಡ್ಡಿ ಹೊರಗೆ ಬಂದು ಕಾರ್ಬನನ್ನು ಕಮ್ಯುಟೇಟರಿನಿಂದ ಎತ್ತಿಬಿಡ್ತದೆ, ಮೆಷಿನ್ ತಾನಾಗಿ ನಿಲ್ತದೆ. ಪಟ್ಟಿಯಲ್ಲಿ ಆಟೋಸ್ಟಾಪ್, ಕೈಯಲ್ಲಿರುವುದು ಬರೀ ಕಪ್ಪು ತುಂಡು ಅಂದ್ರೆ ಎರಡೇ ಸಾಧ್ಯತೆ: ಮೆಷಿನ್ ಡೂಪ್ಲಿಕೇಟ್, ಇಲ್ಲವೇ ಯಾರೋ ಹಿಂದೆ ಲೋಕಲ್ ಕಾರ್ಬನ್ ಹಾಕಿದ್ದಾರೆ. ಸೀಲ್ ಒಡೆಯದ ಹೊಸ ಮೆಷಿನ್ ಆದರೆ ಎರಡನೆಯದಕ್ಕೆ ದಾರಿಯೇ ಇಲ್ಲ. ಸೆಕೆಂಡ್‌ಹ್ಯಾಂಡ್ ಆದರೆ ಕಾರ್ಬನ್ ನೋಡಿ ಬಾಡಿಯನ್ನು ದೂರಬೇಡಿ.

ಇನ್ನೊಂದು ನಮ್ಮ ಊರಿನ ವಿಷಯ. ಕೆಂಪುಕಲ್ಲಿನ ಧೂಳು ಗಾಳಿಯ ಕಿಂಡಿಯಿಂದ ಒಳಗೆ ಹೋಗಿ ಕಾರ್ಬನನ್ನು ಉಪ್ಪುಕಾಗದದ ಹಾಗೆ ತಿಕ್ತದೆ. ಹಾಗಾಗಿ "ಇಷ್ಟು ಬೇಗ ಸವೆಯಿತು" ಎಂಬುದು ನಕಲಿಗೆ ಸಾಕ್ಷಿ ಅಲ್ಲ. ತುದಿ ಹೇಗೆ ಸವೆದಿದೆ ಅಂತ ನೋಡಬೇಕು. ದುಂಡಗೆ, ನಯವಾಗಿ ಹೊಳೆದರೆ ಕೆಲಸ ಸರಿ ಇತ್ತು. ಅಂಚು ಮುರಿದು, ತುದಿಯಲ್ಲಿ ಗುಂಡಿ ಬಿದ್ದು, ತಾಮ್ರದ ಎಳೆ ಕರಕಲಾಗಿದ್ದರೆ ಕಾರ್ಬನ್ ಅದರ ಮನೆಯೊಳಗೆ ಸಡಿಲವಾಗಿ ಅಲುಗಾಡ್ತಿತ್ತು ಎಂಬ ಸಂಶಯ ಬರ್ತದೆ.

ಬಾಡಿಯ ಜೋಡಣೆಗೆ ಬರುವ. ಹಗಲು ಬೆಳಕಲ್ಲಿ ನೇರ ತೆಗೆದ ಫೋಟೋ ಇದಕ್ಕೆ ಪ್ರಯೋಜನ ಇಲ್ಲ. ನೆರಳಿನಲ್ಲಿಟ್ಟು ಟಾರ್ಚನ್ನು ಬದಿಯಿಂದ ಓರೆ ಹಿಡಿಯಿರಿ, ಆಗ ಎರಡು ಹೋಳು ಸೇರುವಲ್ಲಿ ಏರುಪೇರು ಇದ್ದರೆ ನೆರಳಿನ ಗೆರೆ ಬೀಳ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು, ಅಂಚಿನಲ್ಲಿ ಹೆಚ್ಚಾದ ಪ್ಲಾಸ್ಟಿಕ್ಕನ್ನು ಬ್ಲೇಡಿನಲ್ಲಿ ಕೆತ್ತಿದ ಬಿಳಿ ಗೀರು, ಸ್ಕ್ರೂ ಸುತ್ತ ತಗ್ಗು, ಇವು ಕಾಣ್ತವಾ ನೋಡಿ. ಸಿದ್ಧ ಬಾಡಿಯಿಂದಲೇ ಅಚ್ಚು ಇಳಿಸಿದರೆ ಪ್ಲಾಸ್ಟಿಕ್ ಆರುವಾಗ ಕುಗ್ಗುವುದು ಎರಡನೇ ಸಲವೂ ಸೇರಿಕೊಳ್ತದೆ. ಅದಕ್ಕೇ ಹೋಳುಗಳು ಸರಿಯಾಗಿ ಕೂರುವುದಿಲ್ಲ, ಉಬ್ಬಿದ ಅಕ್ಷರಗಳ ಮೂಲೆ ಮೊಂಡಾಗ್ತದೆ. ಜೋಡಣೆಯ ಗೆರೆ ಎಲ್ಲಿದೆ ಎಂಬುದನ್ನೂ ಕಂಪನಿಯ ಚಿತ್ರದ ಜೊತೆ ಹೋಲಿಸಿ. ಎಷ್ಟೋ ಒರಿಜಿನಲ್ ಗ್ರೈಂಡರಿನಲ್ಲಿ ಮೋಟಾರಿನ ಭಾಗ ಒಂದೇ ಕೊಳವೆ, ಗೆರೆ ಹಿಂಬದಿಯ ಹಿಡಿಯಲ್ಲಿ ಮಾತ್ರ. ಆದರೆ ರಿಪೇರಿಗೆ ಬಿಚ್ಚಿ, ವಯರು ನಡುವೆ ಸಿಕ್ಕಿ, ಬಾಯಿ ಬಿಟ್ಟ ಒರಿಜಿನಲ್ಲೂ ಬೇಕಾದಷ್ಟು ಉಂಟು. ಜೋಡಣೆ ಒಂದನ್ನೇ ನಂಬುವುದು ನನಗೆ ಸರಿ ಕಾಣುವುದಿಲ್ಲ.

ಕೊನೆಗೆ ಡಬ್ಬ. ಇಲ್ಲಿ ಮಾರುವ ಡಬ್ಬದಲ್ಲಿ ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ತಿಂಗಳು ವರ್ಷ, ಎಲ್ಲಾ ತೆರಿಗೆ ಸೇರಿದ ಎಂಆರ್‌ಪಿ, ದೂರಿಗೆ ಫೋನ್ ನಂಬರ್ ಇರಬೇಕು. 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ ನಿಯಮ ಕೇಳುವುದು ಅದನ್ನೇ. ಡಬ್ಬದ ಸೀರಿಯಲ್ ನಂಬರ್, ಪ್ಲೇಟಿನ ಸೀರಿಯಲ್ ನಂಬರ್ ಒಂದೇ ಇರಬೇಕು. ಡಬ್ಬದ ಮೇಲಿನ ಚಿತ್ರದಲ್ಲಿ ಗಾಳಿಕಿಂಡಿ ಎಷ್ಟು, ಸ್ವಿಚ್ ಯಾವ ಬದಿ, ತಲೆಗೆ ಸ್ಕ್ರೂ ಎಷ್ಟು ಅಂತ ಎಣಿಸಿ, ಒಳಗಿನ ಮೆಷಿನಿನಲ್ಲಿ ಮತ್ತೆ ಎಣಿಸಿ. ಹಳೇ ಮಾಡೆಲಿನ ಚಿತ್ರ, ಹೊಸ ಮಾಡೆಲಿನ ಹೆಸರು, ಒಳಗೆ ಎರಡೂ ಅಲ್ಲದ ಇನ್ನೊಂದು ಮೆಷಿನ್ ಇದ್ದರೆ ಈ ಎಣಿಕೆಯಲ್ಲೇ ಗೊತ್ತಾಗ್ತದೆ.

ಆದರೆ ಕಾಸರಗೋಡಿನಲ್ಲಿ ಈ ಡಬ್ಬದ ನಿಯಮ ಅರ್ಧ ಕೈಕೊಡ್ತದೆ. ಗಲ್ಫಿನಿಂದ ಬರುವವರು ಪೆಟ್ಟಿಗೆಯಲ್ಲಿ ಗ್ರೈಂಡರ್ ಹಾಕಿಕೊಂಡು ಬರ್ತಾರೆ. ಅದರಲ್ಲಿ ಎಂಆರ್‌ಪಿ ಇಲ್ಲ, ಭಾರತದ ಆಮದುದಾರನ ಹೆಸರಿಲ್ಲ, ಅರಬಿ ಅಕ್ಷರ ಉಂಟು, ಚೌಕ ಪಿನ್ನಿನ ಪ್ಲಗ್ ಉಂಟು. ಇದ್ಯಾವುದೂ ನಕಲಿಯ ಲಕ್ಷಣ ಅಲ್ಲ. ಆ ಪ್ಲಗ್ಗಿನ ಮೂರನೇ ಪಿನ್ ಪ್ಲಾಸ್ಟಿಕ್ಕಿನದ್ದೂ ಆಗಿರಬಹುದು, ಸಾಕೆಟಿನ ಬಾಗಿಲು ತೆರೆಯಲಿಕ್ಕೆ ಮಾತ್ರ ಇರುವುದು. ಪಿನ್ ಮೂರು ಕಂಡ ಕೂಡಲೇ ಡಬಲ್ ಇನ್ಸುಲೇಶನ್ ಸುಳ್ಳು ಅನ್ನಬೇಡಿ. ಸೌದಿಯ ಪ್ಲೇಟಿನಲ್ಲಿ 60 ಹರ್ಟ್ಸ್ ಇದ್ದರೂ ಕಾರ್ಬನ್ ಇರುವ ಈ ಮೋಟಾರಿಗೆ ಅದರಿಂದ ಏನೂ ಆಗುವುದಿಲ್ಲ. ವೋಲ್ಟ್ ಮಾತ್ರ 220ರ ಆಸುಪಾಸು ಇರಲೇಬೇಕು. 110 ಅಂತ ಇದ್ದರೆ ನಮ್ಮ ಮನೆಯ ಪ್ಲಗ್ಗಿಗೆ ಹಾಕಿದ ಗಳಿಗೆಯಲ್ಲೇ ಹೊಗೆ. "ಮೇಡ್ ಇನ್ ಚೈನಾ" ನೋಡಿ ಹೆದರುವುದೂ ಬೇಡ, ದೊಡ್ಡ ಕಂಪನಿಗಳ ಕಾರ್ಖಾನೆಯೇ ಅಲ್ಲಿ ಉಂಟು.

ಈಗ ನಮ್ಮ ಉದಾಹರಣೆಗೆ ವಾಪಸ್. ಜೋಡಣೆಯಲ್ಲಿ ಸ್ವಲ್ಪ ಮೆಟ್ಟಿಲು, ಅದು ಸಂಶಯ ಮಾತ್ರ. ಡಬ್ಬದಲ್ಲಿ ಎಂಆರ್‌ಪಿ ಇಲ್ಲ, ಆದರೆ ಮಾರಿದವನು ಗಲ್ಫ್ ಮಾಲು ಅಂತಾನೆ, ಅಲ್ಲಿಗೆ ಆ ಸಾಕ್ಷಿಯೂ ಹೋಯ್ತು. ಉಳಿದದ್ದು ಎರಡು. ವಾಟ್ ಮತ್ತು ಆಂಪಿಯರ್ ತಾಳೆ ಆಗುವುದಿಲ್ಲ, ಸೀಲಿನ ಹೊಸ ಮೆಷಿನಿನೊಳಗೆ ಎಳೆ ಇಲ್ಲದ, ನಂಬರ್ ಇಲ್ಲದ ಕಾರ್ಬನ್. ಗಲ್ಫ್ ಅಂದ್ರೂ, ಹಳೇ ಸ್ಟಾಕ್ ಅಂದ್ರೂ ಈ ಎರಡಕ್ಕೆ ಉತ್ತರ ಆಗುವುದಿಲ್ಲ. ನಾನಾದರೆ ಡೂಪ್ಲಿಕೇಟ್ ಅಂತಲೇ ಹೇಳ್ತೇನೆ, ವಾಪಸ್ ಕೊಡಿ ಅಂತೇನೆ.

ವಾಪಸ್ ಹೋಗುವಾಗ ಬಿಲ್ಲು ಬೇಕು, ಬಿಲ್ಲಿನಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿಕೊಂಡಿರಬೇಕು. ಅಂಗಡಿಯವನು ಒಪ್ಪದಿದ್ದರೆ ಸೀರಿಯಲ್ ನಂಬರನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸಿ ಬರಹದಲ್ಲಿ ಉತ್ತರ ತಕ್ಕೊಳ್ಳಿ, ಆಮೇಲೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಗ್ರೂಪಿಗೆ ಪ್ಲೇಟಿನ ಫೋಟೋ ಹಾಕುವುದಾದರೆ ಸೀರಿಯಲ್ ನಂಬರಿನ ಕೊನೆಯ ಮೂರು ಅಂಕೆಗೆ ಬೆರಳು ಅಡ್ಡ ಇಟ್ಟು ತೆಗೆಯಿರಿ. ನಿಮ್ಮ ಮೆಷಿನ್ ಒರಿಜಿನಲ್ ಆಗಿದ್ದರೆ ಮುಂದಿನ ನಕಲಿ ಪ್ಲೇಟಿಗೆ ಬೇಕಾದ ನಂಬರ್ ಅದೇ.